ಎರಡು ಪ್ರತಿ, ಒಂದೇ ತಟ್ಟೆ

ಪ್ರೀತಿಯ ಹುಡುಗಿ,

ನನ್ನ ಮೊಮ್ಮಗಳ ವಯಸ್ಸು ನಿನಗೆ, ಅದಕ್ಕೇ ನೀನು ಎಂದೇ ಬರೆಯುತ್ತೇನೆ. ನಿನ್ನ ತಾತ ಅಜ್ಜಿಯರ ಕಥೆಯನ್ನು ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಬರೆದು ಕಳಿಸಿದ್ದೀಯಲ್ಲ, ಎರಡೂ ಪ್ರತಿ ಓದಿದೆ. ಇಂಗ್ಲಿಷಿನದು ಚೆನ್ನಾಗಿದೆ ಎಂದು ಗೆಳೆಯರೆಲ್ಲ ಹೇಳಿದರು, ಕನ್ನಡದ್ದು ಮಾತ್ರ ಸಪ್ಪೆಯಾಯಿತು, ಬರೆಯುವುದನ್ನೇ ಬಿಡಲೇ ಎಂದು ಕೇಳಿದ್ದೀಯ. ಬಿಡಬೇಡ. ಕಾಗುಣಿತ, ಪ್ಯಾರಾ, ಪ್ರಕಾಶಕರು, ಇವನ್ನೆಲ್ಲ ಬೇರೆ ಯಾರಾದರೂ ಹೇಳಿಕೊಡುತ್ತಾರೆ. ನನಗೆ ಬೇಕಾಗಿರುವುದು ಆ ಊಟದ ಪುಟವೊಂದೇ.

ಇಂಗ್ಲಿಷ್ ಪ್ರತಿಯಲ್ಲಿ ತಾತ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆಯನ್ನು ಗೋಡೆಗೆ ಎಸೆಯುತ್ತಾರೆ. ಕರ್ತೃ, ಕ್ರಿಯೆ, ಎರಡೂ ನೇರವಾಗಿವೆ. ಕನ್ನಡದಲ್ಲಿ ಬರೆದದ್ದೇನು? 'ಸಾರಿಗೆ ಉಪ್ಪು ಹೆಚ್ಚಾಗಿತ್ತು. ತಟ್ಟೆ ಗೋಡೆಗೆ ಬಡಿಯಿತು. ಅಜ್ಜಿ ನೆಲ ಒರೆಸಿದಳು.' ಎಸೆದವರು ಯಾರಮ್ಮಾ? ತಟ್ಟೆ ತಾನೇ ಹಾರಿತೇ? 'ತಾತ ಎಸೆದರು' ಎಂದು ಬರೆಯಲು ನಿನ್ನ ಕೈ ಬರಲಿಲ್ಲ. ಎಸೆದ ಎಂದರೆ ಮನೆಯಲ್ಲಿ ಯಾರೂ ಆಡದ ಮಾತು, ಎಸೆದರು ಎಂದರೆ ತಪ್ಪನ್ನೂ ಗೌರವದಿಂದಲೇ ಹೇಳಬೇಕು. ಎರಡೂ ಬೇಡವೆಂದು ತಾತನನ್ನೇ ವಾಕ್ಯದಿಂದ ಕಳಿಸಿಬಿಟ್ಟೆ. ಹೀಗೆ ಯಾರೂ ಮಾಡದೆಯೇ ಎಲ್ಲ ಆಗಿಹೋಗುವ ವಾಕ್ಯ ಕನ್ನಡದಲ್ಲಿ ಬಹಳ ಸಲೀಸು: ಜಗಳ ಆಯಿತು, ಮಾತು ಬಂತು, ಕೈ ಮುಂದಾಯಿತು. ಮನೆಯ ಮಾನ ಉಳಿಸಲು ನಾವೆಲ್ಲ ಇದನ್ನು ಬಳಸುತ್ತೇವೆ. ಇಂಗ್ಲಿಷಿನಲ್ಲಿ ನಿನಗೆ ಆ ಮುಲಾಜಿರಲಿಲ್ಲ, ಧೈರ್ಯ ಬಂತು. ಅದು ಒಳ್ಳೆಯದೇ.

ಆದರೆ ಆ ಧೈರ್ಯ ಇನ್ನೊಂದನ್ನು ನುಂಗಿತು. ಕನ್ನಡ ಪ್ರತಿಯುದ್ದಕ್ಕೂ ತಾತ ಬಂದರು, ಕೂತರು, ಉಂಡರು. ಅಜ್ಜಿ ಬಂದಳು, ಬಡಿಸಿದಳು, ಒರೆಸಿದಳು. ಇದನ್ನು ನೀನು ಯೋಚಿಸಿ ಬರೆದದ್ದಲ್ಲ, ಮನೆಯಲ್ಲಿ ಕೇಳಿದಂತೆ ಬರೆದೆ. ಐವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದವರಲ್ಲಿ ಒಬ್ಬರಿಗೆ ಬಹುವಚನ, ಇನ್ನೊಬ್ಬಳಿಗೆ ಏಕವಚನ. ಇಂಗ್ಲಿಷಿನ ಹಿ ಮತ್ತು ಶಿ ಪಕ್ಕಪಕ್ಕದಲ್ಲಿ ಸರಿಸಮನಾಗಿ ಕೂತುಬಿಡುತ್ತವೆ. ಹಾಗಾಗಿ ಅಲ್ಲಿ ನೀನು ಆ ಮನೆಯ ಗಂಡಾಳ್ವಿಕೆಯ ಬಗ್ಗೆ ಅರ್ಧ ಪುಟ ವಿವರಣೆ ಬರೆಯಬೇಕಾಯಿತು. ಗೆಳೆಯರು ಹೊಗಳಿದ್ದು ಆ ಅರ್ಧ ಪುಟವನ್ನೇ ಇರಬೇಕು. ಆ ಹೊಗಳಿಕೆಯನ್ನು ನಂಬಬೇಡ. ಕನ್ನಡದಲ್ಲಿ ಅದಕ್ಕೆ ಒಂದು ಸಾಲೂ ಬೇಡ: 'ತಾತ ತಟ್ಟೆ ಎಸೆದರು. ಅಜ್ಜಿ ಒರೆಸಿದಳು.'

ವಿವರಣೆಯ ಮೇಲಿನ ನನ್ನ ಸಿಟ್ಟು ಹಳೆಯದು. ಒಬ್ಬ ಇಂಗ್ಲಿಷ್ ಸಂಪಾದಕರು ನನ್ನ ಕಥೆಯ ಸೋದರತ್ತೆಯನ್ನೂ ದೊಡ್ಡಮ್ಮನನ್ನೂ ಆಂಟಿ ಮಾಡಿಸಿ, ಆಮೇಲೆ ಓದುಗರಿಗೆ ಗೊಂದಲವಾಗುತ್ತಿದೆ, ಒಬ್ಬರನ್ನು ತೆಗೆಯಿರಿ ಎಂದರು. ಆ ಕಥೆಯಲ್ಲಿ ಆಸ್ತಿಯ ಜಗಳವಿದ್ದದ್ದೇ ಅವರಿಬ್ಬರ ನಡುವೆ. ಇಂದಿಗೂ ಆ ಮಾತು ನೆನೆದರೆ ಮೈ ಉರಿಯುತ್ತದೆ.

ಇನ್ನು ಬೈಗುಳ. ತಾತ ಬೈದರು ಎಂದು ಇಂಗ್ಲಿಷಿನಲ್ಲಿ ಮೂರು ಪದದಲ್ಲಿ ಮುಗಿಸಿದ್ದೀಯ, ಕನ್ನಡದಲ್ಲಿ ಅದೂ ಇಲ್ಲ. ಬೈದದ್ದು ಏನೆಂದು? ಮನೋವಿಜ್ಞಾನಿ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಟರ್ಕಿಶ್ ತಾಯಿನುಡಿಯವರಾಗಿ ಆಮೇಲೆ ಇಂಗ್ಲಿಷ್ ಕಲಿತವರಿಗೆ ಎರಡೂ ಭಾಷೆಯ ಪದಗಳನ್ನು ಕೊಟ್ಟು, ಭಾವನೆ ಕೆರಳಿದಾಗ ಏರುವ ಚರ್ಮದ ವಿದ್ಯುತ್ ವಾಹಕತೆಯನ್ನು ಅಳೆದರು. ಮಕ್ಕಳನ್ನು ಗದರಿಸುವ ಮಾತುಗಳಿಗೆ ಟರ್ಕಿಶ್‌ನಲ್ಲಿ ಮೈ ಹೆಚ್ಚು ಸ್ಪಂದಿಸಿತು. ನೀನು ಕನ್ನಡದಲ್ಲಿ ಆ ಬೈಗುಳವನ್ನು ತಪ್ಪಿಸಿಕೊಂಡದ್ದು ಇದಕ್ಕೇ. ಅದು ಇನ್ನೂ ಚುಚ್ಚುತ್ತದೆ. ಚುಚ್ಚುವುದನ್ನೇ ಬರೆ, ಅವರು ಆಡಿದ ಹಾಗೆಯೇ, ತಿದ್ದದೆ.

ಹಾಗೆಂದು ಇಂಗ್ಲಿಷ್ ಪ್ರತಿಯನ್ನು ಹರಿದುಹಾಕಬೇಡ. ಕಾದಂಬರಿಕಾರ ನಬೊಕೊವ್ ತಮ್ಮ ರಷ್ಯದ ಬಾಲ್ಯವನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು 1951ರಲ್ಲಿ ಪ್ರಕಟಿಸಿದರು. ಮುಂದೆ ಅದನ್ನು ರಷ್ಯನ್ನಿಗೆ ತರುವಾಗ ಮರೆತಿದ್ದ ಸಂಗತಿಗಳು ನೆನಪಾದವು, ಮಸುಕಾಗಿದ್ದ ಜಾಗಗಳನ್ನು ತುಂಬಿದರು. ಅವನ್ನೂ ಸೇರಿಸಿ ಮತ್ತೆ ಇಂಗ್ಲಿಷಿನಲ್ಲಿ ಪರಿಷ್ಕರಿಸಿ 1966ರಲ್ಲಿ ಹೊರತಂದರು. ನೀನೂ ಹಾಗೇ ಓಡಾಡು. ಇಂಗ್ಲಿಷ್ ಪ್ರತಿಯಿಂದ ಯಾರು ಏನು ಮಾಡಿದರು ಎಂಬುದನ್ನಷ್ಟೇ ಪಟ್ಟಿ ಮಾಡಿಕೋ. ಆಮೇಲೆ ಅದನ್ನು ಮುಚ್ಚಿಟ್ಟು ಕನ್ನಡದಲ್ಲಿ ಹೊಸದಾಗಿ ಬರೆ. ಅನುವಾದ ಮಾಡಬೇಡ. ಮಾಡಿದರೆ 'ತಾತನು ತನ್ನ ತಟ್ಟೆಯನ್ನು ಕೋಪದಿಂದ ಗೋಡೆಯತ್ತ ಎಸೆದನು' ಎಂದು ಪಠ್ಯಪುಸ್ತಕ ಬಂದು ಕೂರುತ್ತದೆ. 'ತನ್ನ', 'ಕೋಪದಿಂದ' ಕಂಡರೆ ಇಂಗ್ಲಿಷ್ ಒಳಗೆ ನುಸುಳಿದೆ ಎಂದೇ ತಿಳಿ.

ಇಡೀ ಕಥೆಯನ್ನು ಮತ್ತೆ ಕಳಿಸಬೇಡ, ಆ ಒಂದು ಪುಟ ಸಾಕು. ಅಜ್ಜಿ ಆ ರಾತ್ರಿ ಉಂಡಳೋ ಇಲ್ಲವೋ ಎಂಬುದು ಎರಡು ಪ್ರತಿಯಲ್ಲೂ ಇಲ್ಲ. ನಿನಗಾಗ ನಾಲ್ಕೋ ಐದೋ ವರ್ಷ ಎಂದಿದ್ದೀಯ, ನೆನಪಿರಲಾರದು. ಅಮ್ಮನಿಗೆ ಫೋನ್ ಮಾಡಿ ಕೇಳು. ಅವರು ಹೇಳಿದ್ದನ್ನು ನೀನೇ ಕಂಡಂತೆ ಬರೆಯಬೇಡ, 'ಉಣ್ಣಲಿಲ್ಲವಂತೆ' ಎಂದೇ ಬರೆ.