ಡಿಬಿಎಂಎಸ್ ಯೂನಿಟ್ 3 ಸ್ಲೈಡ್‌ಗಳ ಮ್ಯಾಪಿಂಗ್: ಶುಕ್ರವಾರ ಸಂಜೆಯೊಳಗೆ

ಎಲ್ಲರಿಗೂ ನಮಸ್ಕಾರ. ನಾರ್ಮಲೈಸೇಶನ್ ಪಾಠ ಮಾಡುವವರೆಲ್ಲ ಶುಕ್ರವಾರ ಸಂಜೆ 5ರೊಳಗೆ ತಮ್ಮ ಪಾಲಿನ ಸ್ಲೈಡ್‌ಗಳನ್ನು ಶೀಟ್‌ಗೆ ಹಾಕಿ.

ಒಂದು ಸ್ಲೈಡ್‌ಗೆ ಒಂದೇ ಸಾಲು: ಸ್ಲೈಡ್ ಸಂಖ್ಯೆ, ಯಾವ ಕಲಿಕಾ ಉದ್ದೇಶ, ಆ ಸ್ಲೈಡ್ ಮಾಡುವ ಕೆಲಸ (ಹೇಳುತ್ತದೆ, ಮಾಡಿ ತೋರಿಸುತ್ತದೆ, ಮಾಡಿಸುತ್ತದೆ). ಯಾವ ಉದ್ದೇಶಕ್ಕೂ ಸೇರದಿದ್ದರೆ ಖಾಲಿ ಬಿಡಿ, ಬಲವಂತವಾಗಿ ಅಂಟಿಸಬೇಡಿ. ತೆಗೆಯಬಹುದಾದ ಸ್ಲೈಡ್‌ಗಳು ಸಿಗುವುದೇ ಅಲ್ಲಿ.

ಸಾಮಾನ್ಯವಾಗಿ ಎಡವುವುದು ಶೀರ್ಷಿಕೆ ನೋಡಿ ಟಿಕ್ ಹಾಕುವಾಗ. ನಮ್ಮ ಉದ್ದೇಶ 'ಕೊಟ್ಟ ಟೇಬಲನ್ನು ಥರ್ಡ್ ನಾರ್ಮಲ್ ಫಾರ್ಮ್‌ಗೆ ಒಡೆಯುವುದು'. ಸ್ಲೈಡ್‌ನಲ್ಲಿ ಬರೀ ವ್ಯಾಖ್ಯಾನ ಇದ್ದರೆ ಅದು 'ಹೇಳುತ್ತದೆ' ಅಷ್ಟೇ. ಯುಎಸ್‌ಎನ್, ಹೆಸರು, ವಿಭಾಗದ ಕೋಡ್, ವಿಭಾಗದ ಹೆಸರು ಇರುವ ಟೇಬಲ್ ಕೊಟ್ಟು, ವಿಭಾಗದ ಹೆಸರು ಕೋಡ್ ಮೂಲಕ ಮಾತ್ರ ಯುಎಸ್‌ಎನ್‌ಗೆ ಅಂಟಿಕೊಂಡಿದೆ ಎಂದು ವಿದ್ಯಾರ್ಥಿಯೇ ಗುರುತಿಸಿ ಎರಡು ಟೇಬಲ್ ಬರೆದರೆ ಅದು 'ಮಾಡಿಸುತ್ತದೆ'.

ಆಮೇಲೆ ಶೀಟನ್ನು ಉದ್ದೇಶದ ಕಾಲಂ ಮೇಲೆ ಸಾರ್ಟ್ ಮಾಡಿ. 'ಮಾಡಿಸುತ್ತದೆ' ಒಂದೂ ಇಲ್ಲದ ಉದ್ದೇಶವನ್ನು 'ಕೊರತೆ' ಟ್ಯಾಬ್‌ಗೆ ಹಾಕಿ, ಏನು ಸೇರಿಸಬೇಕೆಂದು ಒಂದು ಸಾಲು ಬರೆಯಿರಿ. 'ಇನ್ನಷ್ಟು ಉದಾಹರಣೆ ಬೇಕು' ಎಂದರೆ ಯಾರಿಗೂ ಉಪಯೋಗವಿಲ್ಲ. 'ಟ್ರಾನ್ಸಿಟಿವ್ ಡಿಪೆಂಡೆನ್ಸಿ ಗುರುತಿಸುವ ಲೆಕ್ಕ, 10 ನಿಮಿಷ' ಎನ್ನಿ.

ಯಾರು ಯಾವ ಸ್ಲೈಡ್‌ಗಳನ್ನು ತೆಗೆದುಕೊಳ್ಳುತ್ತೀರಿ ಎಂದು ಇವತ್ತೇ ಇಲ್ಲಿ ತಿಳಿಸಿ.