ಗೃಹಸಾಲ ಇರುವ ಸದಸ್ಯರಿಗೆ: ವರ್ಷಕ್ಕೊಂದು ಹೆಚ್ಚುವರಿ ಕಂತಿನ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಬೋನಸ್ ಬಂದಾಗ ಒಂದು ಕಂತು ಹೆಚ್ಚಿಗೆ ಕಟ್ಟಿದರೆ ಎಷ್ಟು ಉಳಿಯುತ್ತದೆ ಎಂದು ಹಲವರು ಕೇಳಿದ್ದರಿಂದ, ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತಿದ್ದೇನೆ. 30 ಲಕ್ಷ ರೂಪಾಯಿ ಸಾಲ, ಶೇ. 8.5 ಬಡ್ಡಿ, 20 ವರ್ಷದ ಅವಧಿ ಎಂದುಕೊಂಡರೆ ತಿಂಗಳ ಕಂತು ಸುಮಾರು 26,035 ರೂಪಾಯಿ ಆಗುತ್ತದೆ. ಒಟ್ಟು ಬಡ್ಡಿ 32.48 ಲಕ್ಷ. ಪ್ರತಿ ವರ್ಷದ ಕೊನೆಗೆ ಒಂದು ಕಂತಿನಷ್ಟೇ ಮೊತ್ತವನ್ನು ಇನ್ನೊಮ್ಮೆ ಕಟ್ಟಿದರೆ, ಬಡ್ಡಿದರ ಬದಲಾಗದಿದ್ದಲ್ಲಿ, ಸಾಲ 16 ವರ್ಷ 9 ತಿಂಗಳಿಗೆ ತೀರುತ್ತದೆ ಮತ್ತು ಬಡ್ಡಿಯಲ್ಲಿ ಸುಮಾರು 6.17 ಲಕ್ಷ ಉಳಿಯುತ್ತದೆ.

ಇದಕ್ಕೆ ಕಾರಣವಿಷ್ಟೆ: ಮೊದಲ ಕಂತಿನಲ್ಲಿ 21,250 ರೂಪಾಯಿ ಬಡ್ಡಿಗೇ ಹೋಗಿ ಅಸಲಿಗೆ 4,785 ಮಾತ್ರ ಸೇರುತ್ತದೆ, ಆದರೆ ಹೆಚ್ಚುವರಿ ಕಂತು ಪೂರ್ತಿಯಾಗಿ ಅಸಲಿಗೇ ಜಮೆಯಾಗುತ್ತದೆ. ಆದ್ದರಿಂದ ಆರಂಭದ ವರ್ಷಗಳಲ್ಲಿ ಕಟ್ಟಿದ್ದಕ್ಕೆ ಲಾಭ ಹೆಚ್ಚು. ಕೊನೆಯ ಎರಡು ಮೂರು ವರ್ಷಗಳಲ್ಲಿ ಅಷ್ಟೇನೂ ಇಲ್ಲ.

ಹಣ ಕಟ್ಟುವಾಗ ಇದು ಅಸಲಿನ ಭಾಗಶಃ ಮರುಪಾವತಿ ಎಂದೂ, ಕಂತು ಹಾಗೆಯೇ ಇದ್ದು ಅವಧಿ ಕಡಿಮೆಯಾಗಬೇಕೆಂದೂ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ. ಇಲ್ಲದಿದ್ದರೆ ಅದನ್ನು ಮುಂಗಡ ಕಂತಾಗಿ ಇಟ್ಟುಕೊಳ್ಳಬಹುದು ಅಥವಾ ಕಂತನ್ನೇ ಇಳಿಸಬಹುದು. ಮರುತಿಂಗಳ ಸ್ಟೇಟ್‌ಮೆಂಟಿನಲ್ಲಿ ಬಾಕಿ ಅಸಲು ಅಷ್ಟೂ ಇಳಿದಿದೆಯೇ ಎಂದು ತಪ್ಪದೆ ನೋಡಿ. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ಅವಧಿಪೂರ್ವ ಪಾವತಿಯ ಶುಲ್ಕವಿಲ್ಲ. ಸ್ಥಿರದರದ ಸಾಲವಿದ್ದವರು ಮೊದಲು ಕರಾರುಪತ್ರ ಓದಿಕೊಳ್ಳಿ.

ತಮ್ಮ ಸಾಲಕ್ಕೆ ಲೆಕ್ಕ ಬೇಕಾದವರು ಬಾಕಿ ಅಸಲು, ಬಡ್ಡಿದರ ಮತ್ತು ಉಳಿದ ತಿಂಗಳುಗಳನ್ನು ಭಾನುವಾರದೊಳಗೆ ನನಗೆ ಖಾಸಗಿಯಾಗಿ ಕಳುಹಿಸಿ. ಖಾತೆ ಸಂಖ್ಯೆಯನ್ನು ದಯವಿಟ್ಟು ಯಾರೂ ಹಾಕಬೇಡಿ.