ಸ್ವಾಗತ ಭಾಷಣದ ಬಗ್ಗೆ ಸುಹಾಸನಿಗೆ

ಪ್ರೀತಿಯ ಸುಹಾಸ,

ನೀನು ಕಳಿಸಿದ ಪರಿಚಯದ ಡ್ರಾಫ್ಟ್ ಓದ್ದೆ ಮಗಾ. ಎಂಬತ್ತು ದಾಟಿರೋ ಮೇಷ್ಟ್ರನ್ನ ವೇದಿಕೆ ಮೇಲೆ ಪರಿಚಯ ಮಾಡ್ಬೇಕು ಅಂದ್ರೆ ಭಯ ಆಗೋದು ಸಹಜ, ಆ ಭಯಕ್ಕೇ ನೀನು "ಸರಸ್ವತೀಪುತ್ರ, ಜ್ಞಾನಸಾಗರ, ಇವರನ್ನ ಪರಿಚಯಿಸೋದು ಸೂರ್ಯನಿಗೆ ದೀಪ ಹಿಡಿದ ಹಾಗೆ" ಅಂತೆಲ್ಲ ತುಂಬ್ಸಿದೀಯ. ನಿನ್ನ ವಯಸ್ಸಲ್ಲಿ ನಾನೂ ಒಬ್ಬ ಹಿರಿಯರ ಬಗ್ಗೆ ಹೀಗೇ ಹತ್ತು ನಿಮಿಷ ಮಾತಾಡಿದ್ದೆ, ಅವರು ತಲೆ ತಗ್ಗಿಸ್ಕೊಂಡು ಶಾಲಿನ ಅಂಚು ಮಡಚ್ತಾ ಕೂತಿದ್ರು, ಆಮೇಲೆ ಮೈಕ್ ಹತ್ರ ಬಂದು ಮೊದಲ ಐದು ನಿಮಿಷ "ನಾನು ಅಷ್ಟು ದೊಡ್ಡೋನಲ್ಲ" ಅಂತ ಹೇಳೋದ್ರಲ್ಲೇ ಕಳೆದ್ರು. ಅವರ ಸಮಯ ತಿಂದೋನು ನಾನು ಕಣೋ, ಅದು ಇವತ್ತಿಗೂ ಮನಸ್ಸಲ್ಲಿದೆ.

ಒಂದು ವಿಷಯ ಯೋಚ್ನೆ ಮಾಡು. "ಮಹಾನ್ ವಿದ್ವಾಂಸರು" ಅಂತ ನೀನು ಅಂದ್ರೆ ಅವರ ವಿದ್ವತ್ತನ್ನ ನೀನು ಅಳೆದು ಮಾರ್ಕ್ಸ್ ಕೊಟ್ಟ ಹಾಗಾಗತ್ತೆ, ಆ ಕೆಲಸ ಅವರ ಸರೀಕರದ್ದು. ನೀನು ಅವರು ಮಾಡಿದ ಕೆಲಸ ಹೇಳು, ದೊಡ್ಡದೋ ಅಲ್ವೋ ಅನ್ನೋದು ಕೇಳೋರಿಗೆ ತಾನೇ ಗೊತ್ತಾಗತ್ತೆ.

ಉದಾಹರಣೆಗೆ ಆ ವೇದಿಕೆ ಮೇಲೆ ಜಿ. ವೆಂಕಟಸುಬ್ಬಯ್ಯನವರು ಕೂತಿದ್ರು ಅಂದ್ಕೋ. ಎಲ್ರೂ "ನಡೆದಾಡುವ ನಿಘಂಟು" ಅಂತ ಶುರು ಮಾಡ್ತಿದ್ರು. ನಾನಾಗಿದ್ರೆ ಹೀಗೆ ಹೇಳ್ತಿದ್ದೆ:

"ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದವರು. ಓದುಗರು ಒಂದು ಪದದ ಬಗ್ಗೆ ಅನುಮಾನ ಬಂದು ಬರೆದ್ರೆ, ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ ಉತ್ತರ ಕೊಟ್ಟವರು. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಇವತ್ತು ಪದಗಳ ಹುಟ್ಟಿನ ಬಗ್ಗೆ ಮಾತಾಡ್ತಾರೆ. ಸರ್, ದಯವಿಟ್ಟು ಬರಬೇಕು."

ಒಂದು ನಿಮಿಷವೂ ಆಗಲ್ಲ. ಹೊಗಳಿಕೆ ಪದ ಒಂದೂ ಇಲ್ಲ, ಆದ್ರೂ ಮರ್ಯಾದೆ ಕಮ್ಮಿ ಆಯ್ತು ಅಂತ ಯಾರಿಗೂ ಅನ್ಸಲ್ಲ, ಯಾಕಂದ್ರೆ ನಮ್ಮ ಭಾಷೆಲಿ ಗೌರವ "ಅವರು", "ದುಡಿದವರು", "ಬರಬೇಕು" ಅನ್ನೋದ್ರಲ್ಲೇ ಕೂತಿದೆ. ಹೆಸರಿಗೆ "-ನವರು" ಸೇರಿಸಿದ್ಮೇಲೆ ಮತ್ತೆ "ಶ್ರೀಯುತ, ಪೂಜ್ಯ, ಮಾನ್ಯ" ಅಂತ ಮೂರೂ ಹಚ್ಚೋದು ಬೇಡ.

ಇನ್ನು ಪ್ರಶಸ್ತಿ ಪಟ್ಟಿ. ಬಯೋಡೇಟಾದಲ್ಲಿರೋ ಹದಿನಾಲ್ಕನ್ನೂ ಓದ್ಬೇಡ, ಅವತ್ತಿನ ವಿಷಯಕ್ಕೆ ಸಂಬಂಧ ಇರೋದು ಒಂದೋ ಎರಡೋ ಸಾಕು. ನೀನು ಅವರ ಪುಸ್ತಕ ನಿಜವಾಗ್ಲೂ ಓದಿದ್ರೆ "ಇಂಥ ಅಧ್ಯಾಯ ಓದಿ ನಾನು ಪಾಠ ಮಾಡೋ ರೀತಿ ಬದಲಾಯ್ತು" ಅಂತ ಒಂದೇ ಒಂದು ಸಾಲು ಸೇರ್ಸು, ಅದು ಹೊಗಳಿಕೆ ಅಲ್ಲ, ಋಣ ಹೇಳ್ಕೊಳ್ಳೋದು. ಓದಿಲ್ಲ ಅಂದ್ರೆ ಬಿಟ್ಬಿಡು, ಅವರು ಪ್ರಶ್ನೆ ಕೇಳಿದ್ರೆ ಕಷ್ಟ.

ಹಿಂದಿನ ದಿನ ಅವರಿಗೆ ಫೋನ್ ಮಾಡಿ ಹೆಸರು, ಇನಿಶಿಯಲ್, ಇಸವಿಗಳು ಸರಿಯಿದೆಯಾ ಕೇಳು, "ಯಾವುದನ್ನಾದ್ರೂ ಹೇಳೋದು ಬೇಡ್ವಾ ಸರ್" ಅಂತಲೂ ಕೇಳು. ಆಮೇಲೆ ಹೊಸ ಡ್ರಾಫ್ಟ್ ಕಳ್ಸು, ಮೊಬೈಲಲ್ಲಿ ಟೈಮರ್ ಇಟ್ಟು ಜೋರಾಗಿ ಓದಿ ಎಷ್ಟು ಸೆಕೆಂಡ್ ಆಯ್ತು ಅಂತಲೂ ಬರಿ.

ನಿನ್ನ ದೊಡ್ಡಪ್ಪ